ಓದಲಾಗದ್ದನ್ನು ಓದಲಾಗಲಿಲ್ಲ ಎಂದೇ ಬರೆಯುವ ಸಾರಾಂಶ: ಸ್ಕ್ಯಾನ್ ಆದ ನ್ಯಾಯಾಲಯ ಕಡತದಲ್ಲಿ ಮೊಹರು, ಅಂಚಿನ ಟಿಪ್ಪಣಿ ಮತ್ತು ಅನುಬಂಧಗಳು

ನ್ಯಾಯಾಲಯದ ಕಡತಗಳು ಕಾಗದದಿಂದ ಪರದೆಗೆ ವೇಗವಾಗಿ ಬರುತ್ತಿವೆ. ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ ಕೇಂದ್ರ ಸಚಿವ ಸಂಪುಟವು 2023ರ ಸೆಪ್ಟೆಂಬರ್‌ನಲ್ಲಿ 7,210 ಕೋಟಿ ರೂಪಾಯಿಗೆ ಒಪ್ಪಿಗೆ ನೀಡಿದ್ದು, ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಉಳಿಸುವುದು ಆ ಹಂತದ ಮುಖ್ಯ ಕೆಲಸಗಳಲ್ಲಿ ಒಂದು. ಇದರ ಫಲವಾಗಿ ವಕೀಲರ ಕಚೇರಿಗೂ ಕಕ್ಷಿದಾರನ ಫೋನಿಗೂ ನಾನೂರು ಐನೂರು ಪುಟಗಳ ಪಿಡಿಎಫ್ ಬಂದು ಬೀಳುತ್ತದೆ. ಅಷ್ಟನ್ನೂ ಓದುವ ಪುರುಸೊತ್ತು ಇಲ್ಲದವರು ಸಾರಾಂಶ ಕೇಳುತ್ತಾರೆ. ಅದನ್ನು ಕಿರಿಯ ವಕೀಲರು ಬರೆದುಕೊಡಬಹುದು, ಗುಮಾಸ್ತರು ಬರೆಯಬಹುದು, ಈಗೀಗ ತಂತ್ರಾಂಶವೂ ಬರೆಯುತ್ತದೆ.

ಯಾರೇ ಬರೆದರೂ ಒಂದು ತೊಂದರೆ ಸಮಾನವಾಗಿದೆ. ಟೈಪ್ ಮಾಡಿದ ವಾದಪತ್ರ ಮತ್ತು ತೀರ್ಪಿನ ಪಠ್ಯ ಸುಲಭವಾಗಿ ಸಾರಾಂಶಕ್ಕೆ ಇಳಿಯುತ್ತವೆ. ಮೊಹರಿನೊಳಗಿನ ದಿನಾಂಕ, ಅಂಚಿನಲ್ಲಿ ಶಾಯಿಯಿಂದ ಗೀಚಿದ ಎರಡು ಸಾಲು, ಮೂರನೇ ಸಲ ಜೆರಾಕ್ಸ್ ಆದ ಪಹಣಿ ಇವು ಇಳಿಯುವುದಿಲ್ಲ. ಇಳಿಯದೆ ಉಳಿದದ್ದು ಉಳಿದಿದೆ ಎಂದು ಸಾರಾಂಶ ಹೇಳದೇ ಹೋದರೆ, ಅದನ್ನು ಓದಿದವರು ಎಲ್ಲವೂ ಅದರಲ್ಲಿದೆ ಎಂದೇ ತಿಳಿಯುತ್ತಾರೆ. ವಿದ್ಯುತ್ ಮೀಟರ್ ಓದಲು ಬಂದವರಿಗೆ ಮನೆಗೆ ಬೀಗ ಹಾಕಿದ್ದು ಕಂಡರೆ ಸರಾಸರಿ ಲೆಕ್ಕದ ಬಿಲ್ ಕೊಟ್ಟು, ಬಾಗಿಲು ಮುಚ್ಚಿತ್ತು ಎಂಬ ಗುರುತನ್ನು ಬಿಲ್ಲಿನಲ್ಲೇ ಹಾಕುತ್ತಾರಲ್ಲವೇ? ಆ ಗುರುತು ಇಲ್ಲದಿದ್ದರೆ ಅಂದಾಜಿನ ಅಂಕಿಗೂ ಓದಿದ ಅಂಕಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಕಡತದ ಸಾರಾಂಶದಲ್ಲಿ ಅಂಥ ಗುರುತನ್ನು ಎಲ್ಲಿ, ಹೇಗೆ ಹಾಕಬೇಕು ಎಂಬುದು ಈ ಲೇಖನದ ವಿಷಯ.

## ಕಡತದಲ್ಲಿ ಏನೇನಿರುತ್ತದೆ

ಅರ್ಜಿಯ ಜೊತೆ ಆಧಾರವಾಗಿ ಲಗತ್ತಿಸುವ ದಾಖಲೆಗೆ ಅನುಬಂಧ ಎನ್ನುತ್ತಾರೆ. ಹೈಕೋರ್ಟಿನ ರಿಟ್ ಅರ್ಜಿಯಲ್ಲಿ ಅವು ಅನೆಕ್ಷರ್-ಎ, ಅನೆಕ್ಷರ್-ಬಿ ಎಂದು ಸಾಲಾಗಿ ಬರುತ್ತವೆ. ವಿಚಾರಣಾ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಸ್ವೀಕರಿಸಿದ ದಾಖಲೆಗೆ ಬೇರೆ ಗುರುತು ಇರುತ್ತದೆ: ವಾದಿಯ ಕಡೆಯದು ನಿ.ಪಿ.1, ಪ್ರತಿವಾದಿಯ ಕಡೆಯದು ನಿ.ಡಿ.1, ಹೀಗೆ. ಅನುಬಂಧವೆಂದರೆ ಕಕ್ಷಿದಾರ ತಂದು ಸೇರಿಸಿದ ಕಾಗದ. ನಿಶಾನೆ ಬಿದ್ದ ದಾಖಲೆಯೆಂದರೆ ನ್ಯಾಯಾಧೀಶರ ಕೈ ದಾಟಿ ಬಂದ ಕಾಗದ. ಸಾರಾಂಶ ಈ ಎರಡನ್ನು ಒಂದೇ ಎಂಬಂತೆ ಬರೆದರೆ ಓದುಗರಿಗೆ ದಾಖಲೆಯ ತೂಕವೇ ತಿಳಿಯುವುದಿಲ್ಲ.

ಮೇಲ್ಮನವಿಯಲ್ಲಿ ಇನ್ನೊಂದು ಸಿಕ್ಕು ಸೇರಿಕೊಳ್ಳುತ್ತದೆ. ಅನೆಕ್ಷರ್-ಸಿ ಎಂದು ಲಗತ್ತಿಸಿದ್ದು ಕೆಳಗಿನ ಪ್ರಾಧಿಕಾರದ ಮುಂದೆ ಸಲ್ಲಿಸಿದ್ದ ಹಳೆಯ ಅರ್ಜಿಯ ನಕಲಾಗಿದ್ದರೆ, ಅದರ ಹೊಟ್ಟೆಯೊಳಗೆ ಅದರದೇ ಆದ ಅನೆಕ್ಷರ್-ಎ ಮತ್ತು ಬಿ ಇರುತ್ತವೆ. ಆಗ ಒಂದೇ ಪಿಡಿಎಫ್‌ನಲ್ಲಿ ಎರಡು ಅನೆಕ್ಷರ್-ಎ ಸಿಗುತ್ತವೆ. ಪುಟ ಸಂಖ್ಯೆಯೂ ಹಾಗೆಯೇ: ಹಳೆಯ ಕಡತದ ಸಂಖ್ಯೆಯನ್ನು ಹೊಡೆದುಹಾಕಿ ಪಕ್ಕದಲ್ಲಿ ಹೊಸದನ್ನು ಕೈಯಲ್ಲಿ ಬರೆದಿರುತ್ತಾರೆ, ಪಿಡಿಎಫ್ ತೋರಿಸುವ ಸಂಖ್ಯೆ ಈ ಎರಡಕ್ಕೂ ಹೊಂದುವುದಿಲ್ಲ. ಆದ್ದರಿಂದ ಸಾರಾಂಶದಲ್ಲಿ ಯಾವ ಪುಟವನ್ನು ಹೆಸರಿಸಿದರೂ ಪಿಡಿಎಫ್‌ನ ಸಂಖ್ಯೆ ಮತ್ತು ಕಡತದ ಸಂಖ್ಯೆ ಎರಡನ್ನೂ ಕೊಡಬೇಕು. ಅನುಬಂಧವನ್ನು ಹೆಸರಿಸುವಾಗ ಅದು ಯಾವ ಅರ್ಜಿಯದು ಎಂಬುದನ್ನು ಸೇರಿಸಬೇಕು.

ಓದಲು ಕಷ್ಟವಾದ ದಾಖಲೆಗೆ ಟೈಪ್ ಮಾಡಿದ ಪ್ರತಿಯನ್ನೂ ಜೊತೆಗಿಡುವ ಪದ್ಧತಿ ಇದೆ. ಅದು ಅನುಕೂಲವೇ, ಆದರೆ ಅದು ಮೂಲವಲ್ಲ, ಮೂಲವನ್ನು ಒಬ್ಬರು ಓದಿದ ರೀತಿ. ಟೈಪ್ ಪ್ರತಿಯಲ್ಲಿ ಮೊಹರುಗಳು ಮಾಯವಾಗುತ್ತವೆ, ಸಹಿಯ ಜಾಗದಲ್ಲಿ ‘ಸಹಿ/-’ ಮಾತ್ರ ಉಳಿಯುತ್ತದೆ, ಅಂಚಿನ ಬರಹ ಹಲವು ಸಲ ಬರುವುದೇ ಇಲ್ಲ. ತಂತ್ರಾಂಶಕ್ಕೆ ಟೈಪ್ ಪ್ರತಿ ಸಲೀಸಾದ್ದರಿಂದ ಅದನ್ನೇ ಆಯ್ದುಕೊಂಡು ಮೂಲದ ಚಿತ್ರವನ್ನು ಬಿಟ್ಟುಬಿಡುವುದು ಸಾಮಾನ್ಯ. ಯಾವುದನ್ನು ಓದಿ ಬರೆದದ್ದು ಎಂಬ ಒಂದು ಮಾತು ಸಾರಾಂಶದಲ್ಲಿ ಇರಲೇಬೇಕು.

## ತಂತ್ರಾಂಶ ಪುಟವನ್ನು ಓದುವ ಬಗೆ

ಸ್ಕ್ಯಾನ್ ಆದ ಪುಟ ಒಂದು ಚಿತ್ರ. ಅದರಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಕೆಲಸಕ್ಕೆ ಓಸಿಆರ್ ಎನ್ನುತ್ತಾರೆ. ಸಾರಾಂಶ ಮಾಡುವ ತಂತ್ರಾಂಶ ಬಹುತೇಕ ಈ ಪಠ್ಯವನ್ನು ನೋಡುತ್ತದೆಯೇ ಹೊರತು ಚಿತ್ರವನ್ನಲ್ಲ. ಉಚಿತವಾಗಿ ಸಿಗುವ ಟೆಸೆರಾಕ್ಟ್ ಎಂಬ ಓಸಿಆರ್ ತಂತ್ರಾಂಶಕ್ಕೆ ಕನ್ನಡ ಮತ್ತು ಇಂಗ್ಲಿಷ್ ಎರಡೂ ಬರುತ್ತವೆ. ಪುಟವನ್ನು ಮೊದಲು ಚಿತ್ರವಾಗಿ ಉಳಿಸಿಕೊಂಡು ಟೆಸೆರಾಕ್ಟನ್ನು ಕೆಳಗಿನ ಎರಡನೇ ಆಜ್ಞೆಯಂತೆ ಓಡಿಸಿದರೆ ಪದದ ಜೊತೆಗೆ ಆ ಪದದ ಬಗ್ಗೆ ಅದಕ್ಕಿರುವ ಭರವಸೆಯನ್ನೂ ಅಂಕಿಯಲ್ಲಿ ಕೊಡುತ್ತದೆ.

```
pdfimages -list appeal.pdf
tesseract page-041.png page-041 -l kan+eng tsv
```

ಎರಡನೇ ಆಜ್ಞೆಯಿಂದ ಹುಟ್ಟುವ ಕೋಷ್ಟಕದಲ್ಲಿ `conf` ಎಂಬ ಕಂಬವಿರುತ್ತದೆ. ಪ್ರತಿ ಪದದ ಮುಂದೆ 0ಯಿಂದ 100ರವರೆಗಿನ ಅಂಕಿ ಇರುತ್ತದೆ. ಅಂಕಿ ತೀರಾ ಕಡಿಮೆಯಿರುವ ಪದಗಳನ್ನು ‘ಅನುಮಾನ’ ಎಂದು ಗುರುತು ಮಾಡುವುದು ಮೊದಲ ಹೆಜ್ಜೆ. ಅಲ್ಲಿಗೇ ನಿಲ್ಲುವವರು ಬಹಳ, ನಿಂತರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ತಂತ್ರಾಂಶ ಪದವೆಂದೇ ಗುರುತಿಸದ ವಸ್ತುವಿಗೆ ಕೋಷ್ಟಕದಲ್ಲಿ ಸಾಲೇ ಇರುವುದಿಲ್ಲ. ದುಂಡಗಿನ ಮೊಹರಿನ ಸುತ್ತ ಬಾಗಿದ ಅಕ್ಷರಗಳು, ಅಂಚಿನಲ್ಲಿ ಮೇಲ್ಮುಖವಾಗಿ ಬರೆದ ಟಿಪ್ಪಣಿ, ಅಡ್ಡಡ್ಡ ಗೀಚಿದ ಸಹಿ ಇವೆಲ್ಲ ಅದಕ್ಕೆ ಚಿತ್ರದ ಕಲೆಗಳಂತೆ ಕಂಡು ಬದಿಗೆ ಸರಿಯುತ್ತವೆ. ಕಡಿಮೆ ಭರವಸೆಯೂ ಇಲ್ಲ, ಹೆಚ್ಚು ಭರವಸೆಯೂ ಇಲ್ಲ, ಏನೂ ಇಲ್ಲ. ಇದನ್ನು ಹಿಡಿಯಲು ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು: ಪುಟದಲ್ಲಿ ಶಾಯಿ ಬಿದ್ದಿದ್ದೂ ಪದ ಸಿಗದೇ ಉಳಿದ ಜಾಗ ಎಲ್ಲಿದೆ? ಓಸಿಆರ್ ಗುರುತಿಸಿದ ಪದಗಳ ಚೌಕಗಳನ್ನು ಚಿತ್ರದಿಂದ ಬಿಳಿಯಾಗಿಸಿ, ಮಿಕ್ಕ ಶಾಯಿಯನ್ನು ನೋಡಿದರೆ ಮೊಹರು, ಗೀಚು, ಅಂಚಿನ ಬರಹಗಳು ಎದ್ದು ಕಾಣುತ್ತವೆ. ಅವುಗಳಲ್ಲಿ ಏನು ಬರೆದಿದೆ ಎಂದು ತಿಳಿಯದಿದ್ದರೂ ಅಲ್ಲಿ ಏನೋ ಇದೆ ಎಂಬುದಂತೂ ಸಾರಾಂಶಕ್ಕೆ ಸೇರುತ್ತದೆ.

ಎರಡನೆಯದು, ಭರವಸೆಯ ಅಂಕಿ ಹೆಚ್ಚಿದ್ದರೂ ಓದು ತಪ್ಪಾಗಿರಬಹುದು. ಕೈಬರಹದ 1 ಮತ್ತು 7, ಕನ್ನಡ ಅಂಕಿಗಳಲ್ಲಿ ೬ ಮತ್ತು ೯, ಸೊನ್ನೆಯಾದ ೦ ಮತ್ತು ಅನುಸ್ವಾರದ ಬಿಂದು ಇವನ್ನು ತಂತ್ರಾಂಶ ಅದಲುಬದಲಾಗಿ ಓದಿಯೂ ಧೈರ್ಯವಾಗಿ ಹೇಳುತ್ತದೆ. ವಾಕ್ಯದೊಳಗಿನ ಒಂದು ಪದ ತಪ್ಪಿದರೆ ಓದುಗರಿಗೆ ಅರ್ಥ ಕೆಟ್ಟದ್ದು ಗೊತ್ತಾಗುತ್ತದೆ. ಸರ್ವೆ ನಂಬರ್ 112/1 ಎಂಬುದು 112/7 ಆದರೆ ಏನೂ ಕೆಟ್ಟಂತೆ ಕಾಣುವುದಿಲ್ಲ, ಆದರೆ ಜಮೀನೇ ಬೇರೆಯಾಗಿರುತ್ತದೆ. ಆದ್ದರಿಂದ ದಿನಾಂಕ, ಸರ್ವೆ ನಂಬರ್, ಹಣದ ಮೊತ್ತ, ನೋಂದಣಿ ಸಂಖ್ಯೆ ಇವು ಕೈಬರಹದಲ್ಲಿ ಅಥವಾ ಮೊಹರಿನಲ್ಲಿ ಇದ್ದರೆ ಭರವಸೆ ಎಷ್ಟೇ ಇರಲಿ, ಮನುಷ್ಯರ ಕಣ್ಣಿಗೆ ಹೋಗಲೇಬೇಕು.

ಮೊದಲ ಆಜ್ಞೆಯ ಕೆಲಸ ಇನ್ನೊಂದು. ಅದು ಪ್ರತಿ ಪುಟದ ಚಿತ್ರ ಬಣ್ಣದ್ದೋ ಕಪ್ಪು-ಬಿಳುಪೋ, ಎಷ್ಟು ಸೂಕ್ಷ್ಮತೆಯದು, ಯಾವ ವಿಧಾನದಲ್ಲಿ ಕುಗ್ಗಿಸಿದ್ದು ಎಂದು ತೋರಿಸುತ್ತದೆ. ಓಸಿಆರ್‌ಗೆ ಒಂದು ಅಂಗುಲಕ್ಕೆ 300 ಚುಕ್ಕಿಯ ಸೂಕ್ಷ್ಮತೆ ಬೇಕೆನ್ನುವುದು ವಾಡಿಕೆಯ ಮಿತಿ. `enc` ಕಂಬದಲ್ಲಿ `jbig2` ಎಂದಿದ್ದರೆ ಎಚ್ಚರ ಬೇಕು, ಏಕೆಂದರೆ ಈ ವಿಧಾನದ ಒಂದು ಬಗೆಯು ಒಂದೇ ತರಹ ಕಾಣುವ ಅಕ್ಷರಗಳಿಗೆಲ್ಲ ಒಂದೇ ಅಚ್ಚನ್ನು ಬಳಸಿ ಕಡತವನ್ನು ಕುಗ್ಗಿಸುತ್ತದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬುವರು, ಕೆಲವು ಸ್ಕ್ಯಾನರುಗಳು ಇದೇ ಕಾರಣಕ್ಕೆ 6ರ ಜಾಗದಲ್ಲಿ 8 ಅನ್ನು ಕೂರಿಸುತ್ತಿದ್ದುದನ್ನು ತೋರಿಸಿಕೊಟ್ಟರು. ಅಂಥ ಪುಟದಲ್ಲಿ ಅಂಕಿ ಮಸುಕಾಗಿರುವುದಿಲ್ಲ, ಸ್ಪಷ್ಟವಾಗಿಯೇ ತಪ್ಪಾಗಿರುತ್ತದೆ. ಚಿತ್ರವನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಪ್ರಯೋಜನವಿಲ್ಲ, ಕಾಗದವನ್ನೇ ನೋಡಬೇಕು.

## ಒಂದು ಮೊಹರು, ಎರಡು ಓದು

ಈಗ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಇದು ವಿವರಣೆಗಾಗಿ ಕಟ್ಟಿದ ಪ್ರಕರಣ, ಆದರೆ ಇದರಲ್ಲಿನ ಕಾನೂನು ಮತ್ತು ಲೆಕ್ಕ ನಿಜವಾದದ್ದು.

ತಾಲ್ಲೂಕಿನ ಸಿವಿಲ್ ನ್ಯಾಯಾಲಯದಲ್ಲಿ ಪಾಲಿನ ದಾವೆಯೊಂದರ ತೀರ್ಪು 2023ರ ಜೂನ್ 5ರಂದು ಬಂದಿದೆ. ಸೋತವರು ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬೇಕಾದರೆ 1963ರ ಕಾಲಮಿತಿ ಕಾಯ್ದೆಯ ಪ್ರಕಾರ 30 ದಿನಗಳ ಅವಕಾಶವಿದೆ. ತೀರ್ಪಿನ ದಿನವನ್ನು ಬಿಟ್ಟು ಎಣಿಸಿದರೆ ಆ ಅವಕಾಶ ಜುಲೈ 5ಕ್ಕೆ ಮುಗಿಯುತ್ತದೆ. ಆದರೆ ಅದೇ ಕಾಯ್ದೆಯ 12ನೇ ಕಲಮು, ತೀರ್ಪು ಮತ್ತು ಡಿಕ್ರಿಯ ದೃಢೀಕೃತ ನಕಲು ಪಡೆಯಲು ಬೇಕಾದ ಕಾಲವನ್ನು ಲೆಕ್ಕದಿಂದ ಬಿಡಲು ಹೇಳುತ್ತದೆ. ಆ ಕಾಲ ಎಷ್ಟೆಂದು ತಿಳಿಯುವುದು ಮುಖ್ಯವಾಗಿ ಒಂದು ಜಾಗದಿಂದ: ನಕಲಿನ ಕೊನೆಯ ಪುಟದ ಹಿಂಬದಿಯಲ್ಲಿ ನಕಲು ವಿಭಾಗ ಒತ್ತುವ ಆಯತಾಕಾರದ ಮೊಹರು. ಅದರಲ್ಲಿ ಅರ್ಜಿ ಕೊಟ್ಟ ದಿನ, ಶುಲ್ಕ ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಎಂಬ ಸಾಲುಗಳು ಅಚ್ಚಾಗಿರುತ್ತವೆ, ದಿನಾಂಕಗಳನ್ನು ಕೈಯಲ್ಲಿ ತುಂಬಿರುತ್ತಾರೆ.

ನಮ್ಮ ಉದಾಹರಣೆಯಲ್ಲಿ ನಕಲು ಸಿದ್ಧವಾದ ದಿನ ಜುಲೈ 5 ಎಂಬುದು ಚೆನ್ನಾಗಿ ಓದಲು ಬರುತ್ತದೆ. ಅರ್ಜಿಯ ದಿನದ ಮೇಲೆ ಮಾತ್ರ ಕಚೇರಿಯ ದುಂಡು ಮೊಹರಿನ ಅಂಚು ಹಾದುಹೋಗಿದೆ. ‘2’ ಕಾಣುತ್ತದೆ, ಮುಂದಿನ ಅಂಕಿ 1 ಇರಬಹುದು, 7 ಇರಬಹುದು. ಮೇಲ್ಮನವಿ ಸಲ್ಲಿಕೆಯಾದದ್ದು ಜುಲೈ 19ರಂದು.

ಅರ್ಜಿ ಜೂನ್ 21ರದಾದರೆ, ಅಂದಿನಿಂದ ಜುಲೈ 5ರವರೆಗೆ 15 ದಿನಗಳು ಬಿಟ್ಟುಹೋಗಿ ಕೊನೆಯ ದಿನ ಜುಲೈ 20 ಆಗುತ್ತದೆ. ಮೇಲ್ಮನವಿ ಒಂದು ದಿನ ಮುಂಚೆಯೇ ಬಂದಿದೆ. ಅರ್ಜಿ ಜೂನ್ 27ರದಾದರೆ ಬಿಡಬಹುದಾದ ದಿನಗಳು 9 ಮಾತ್ರ, ಕೊನೆಯ ದಿನ ಜುಲೈ 14. ಆಗ ಮೇಲ್ಮನವಿ ಐದು ದಿನ ತಡ. 5ನೇ ಕಲಮಿನಡಿ ವಿಳಂಬ ಮನ್ನಾ ಮಾಡುವಂತೆ ಬೇರೆ ಅರ್ಜಿ ಹಾಕಿ, ಸಾಕಷ್ಟು ಕಾರಣ ತೋರಿಸಬೇಕು. ಶುಲ್ಕ ಕಟ್ಟುವುದರಲ್ಲಿ ಅರ್ಜಿದಾರರೇ ತಡ ಮಾಡಿದ್ದರೆ ಆ ದಿನಗಳೂ ‘ಬೇಕಾದ ಕಾಲ’ದಲ್ಲಿ ಸೇರುವುದಿಲ್ಲವಾದ್ದರಿಂದ ಎರಡನೇ ಸಾಲಿನ ದಿನಾಂಕಕ್ಕೂ ಇಷ್ಟೇ ಬೆಲೆ.

ಇಲ್ಲಿ ಸಾರಾಂಶ ಎಡವುವ ಬಗೆ ಎರಡು. ಒಂದು ಎಲ್ಲರಿಗೂ ಗೊತ್ತಿರುವಂಥದ್ದು: ಎರಡರಲ್ಲಿ ಒಂದನ್ನು ಊಹಿಸಿ ಖಚಿತವಾಗಿ ಬರೆದುಬಿಡುವುದು. ಇನ್ನೊಂದು ಹೆಚ್ಚು ಅಪಾಯಕರ, ಏಕೆಂದರೆ ಅದು ಶ್ರದ್ಧೆಯಂತೆಯೇ ಕಾಣುತ್ತದೆ. ಮೊಹರು ಓದಲಾಗದೆ ಹೋದಾಗ ಬರೆಯುವವರು ಕಡತದ ಬೇರೆ ಪುಟಗಳನ್ನು ಹುಡುಕುತ್ತಾರೆ. ಮೇಲ್ಮನವಿಯಲ್ಲಿಯೇ ‘ನಕಲಿಗೆ 21-06-2023ರಂದು ಅರ್ಜಿ ಸಲ್ಲಿಸಲಾಗಿದ್ದು, ಮೇಲ್ಮನವಿಯು ಕಾಲಮಿತಿಯೊಳಗಿದೆ’ ಎಂಬ ಕಂಡಿಕೆ ಸಿಗುತ್ತದೆ. ಆ ದಿನಾಂಕವನ್ನು ಎತ್ತಿ ಮೊಹರಿನ ಖಾಲಿ ಜಾಗಕ್ಕೆ ತುಂಬುತ್ತಾರೆ. ಭಾಷಾ ಮಾದರಿಗಳನ್ನು ಬಳಸುವ ತಂತ್ರಾಂಶಗಳು ಇದನ್ನು ಇನ್ನೂ ಸಲೀಸಾಗಿ ಮಾಡುತ್ತವೆ, ಏಕೆಂದರೆ ಸುತ್ತಲಿನ ಪಠ್ಯಕ್ಕೆ ಹೊಂದುವುದನ್ನು ತುಂಬುವುದೇ ಅವುಗಳ ಸ್ವಭಾವ. ಫಲವೇನು? ಮೇಲ್ಮನವಿದಾರರು ತಮ್ಮ ಪರವಾಗಿ ಹೇಳಿಕೊಂಡ ಮಾತು ಸಾರಾಂಶದಲ್ಲಿ ನ್ಯಾಯಾಲಯದ ಕಚೇರಿಯ ದಾಖಲೆಯಾಗಿ ಕುಳಿತಿದೆ. ಎದುರು ಪಕ್ಷದ ವಕೀಲರು ಈ ಸಾರಾಂಶವನ್ನೇ ನಂಬಿದರೆ ಕಾಲಮಿತಿಯ ಆಕ್ಷೇಪಣೆ ಎತ್ತುವ ಯೋಚನೆಯೂ ಅವರಿಗೆ ಬರುವುದಿಲ್ಲ.

ಸರಿಯಾದ ಗುರುತು ಹೀಗಿರಬಹುದು:

> ಪಿಡಿಎಫ್ ಪುಟ 212, ಕಡತದ ಪುಟ 187 (ಹಿಂಬದಿ). ತೀರ್ಪಿನ ದೃಢೀಕೃತ ನಕಲಿನ ಮೇಲಿನ ಆಯತಾಕಾರದ ಮೊಹರು. ಅರ್ಜಿಯ ದಿನಾಂಕ ‘2_-06-2023’. ಎರಡನೇ ಅಂಕಿಯ ಮೇಲೆ ದುಂಡು ಮೊಹರು ಬಿದ್ದಿರುವುದರಿಂದ 1 ಅಥವಾ 7 ಎಂದು ತೀರ್ಮಾನಿಸಲಾಗಲಿಲ್ಲ. 21 ಆದರೆ ಮೇಲ್ಮನವಿ ಕಾಲಮಿತಿಯೊಳಗೆ, 27 ಆದರೆ 5 ದಿನ ವಿಳಂಬ. ಮೇಲ್ಮನವಿದಾರರ ಹೇಳಿಕೆಯಲ್ಲಿ (ಪಿಡಿಎಫ್ ಪುಟ 9) 21 ಎಂದಿದೆ. ಇದು ಕಕ್ಷಿದಾರರ ಹೇಳಿಕೆ, ಮೊಹರಿನ ಓದಲ್ಲ. ಪರಿಶೀಲನೆಗೆ: ಡಿಕ್ರಿಯ ನಕಲಿನ ಮೊಹರು, ನಕಲು ವಿಭಾಗದ ಅರ್ಜಿ ವಹಿ.

ಈ ಗುರುತಿನಲ್ಲಿ ಜಾಗ, ವಸ್ತು, ಕಂಡದ್ದು, ಕಾಣದ್ದು ಮತ್ತು ಅದಕ್ಕೆ ಕಾರಣ, ಅದರಿಂದ ಏನು ಬದಲಾಗುತ್ತದೆ ಎಂಬುದು, ಬೇರೆಡೆ ಎಲ್ಲಿ ನೋಡಬೇಕು ಎಂಬುದು ಎಲ್ಲವೂ ಇದೆ. ಬರೀ ‘ಮೊಹರು ಅಸ್ಪಷ್ಟ’ ಎಂದು ಬರೆದಿದ್ದರೆ ಓದುಗರು ಅದನ್ನು ದಾಟಿ ಮುಂದೆ ಹೋಗುತ್ತಿದ್ದರು. ಇಂಥ ಕಡತದಲ್ಲಿ ಅಸ್ಪಷ್ಟ ಮೊಹರುಗಳು ಹತ್ತಾರು ಇರುತ್ತವೆ, ಎಲ್ಲಕ್ಕೂ ಇಷ್ಟು ಉದ್ದ ಬರೆಯಬೇಕಿಲ್ಲ. ಕೋರ್ಟ್ ಫೀ ಚೀಟಿಯ ಮೇಲಿನ ರದ್ದತಿ ಮುದ್ರೆ ಮಸುಕಾಗಿದ್ದರೆ ಪಟ್ಟಿಯಲ್ಲಿ ಒಂದು ಸಾಲು ಸಾಕು. ಓದು ಬದಲಾದರೆ ಪ್ರಕರಣದಲ್ಲಿ ಏನಾದರೂ ಬದಲಾಗುತ್ತದೆಯೇ ಎಂಬ ಪ್ರಶ್ನೆಗೆ ಹೌದು ಎನ್ನುವಂತಿದ್ದರೆ ಮಾತ್ರ ಗುರುತು ಸಾರಾಂಶದ ಮೊದಲ ಪುಟಕ್ಕೆ ಬರಬೇಕು.

ಮೊಹರನ್ನು ಓದಲಾಗದು ಎಂದು ಬಿಡುವ ಮೊದಲು ಮಾಡಿ ನೋಡಬಹುದಾದ ಒಂದು ಕೆಲಸವಿದೆ. ಸ್ಕ್ಯಾನ್ ಬಣ್ಣದಲ್ಲಿದ್ದರೆ ಚಿತ್ರದ ಕೆಂಪು, ಹಸಿರು, ನೀಲಿ ಪದರಗಳನ್ನು ಬೇರೆಬೇರೆಯಾಗಿ ತೆರೆಯಬಹುದು. ಕೆಂಪು ಶಾಯಿ ಕೆಂಪು ಪದರದಲ್ಲಿ ಕಾಗದದಷ್ಟೇ ಬೆಳ್ಳಗೆ ಕಂಡು ಮಾಯವಾಗುತ್ತದೆ, ಅದರಡಿಯ ಕಪ್ಪು ಬರಹ ಉಳಿಯುತ್ತದೆ. ನೇರಳೆ ಮೊಹರು ಹಸಿರು ಪದರದಲ್ಲಿ ಹೆಚ್ಚು ಗಾಢವಾಗಿ ಕಾಣುತ್ತದೆ. ನೀಲಿ ಪೆನ್ನಿನ ದಿನಾಂಕದ ಮೇಲೆ ನೇರಳೆ ಮೊಹರು ಬಿದ್ದಾಗ ಬಣ್ಣಗಳು ಹತ್ತಿರವಿರುವುದರಿಂದ ಈ ಉಪಾಯ ಅರ್ಧ ಮಾತ್ರ ಫಲಿಸುತ್ತದೆ. ಸ್ಕ್ಯಾನ್ ಶುದ್ಧ ಕಪ್ಪು-ಬಿಳುಪಿನದಾದರೆ ಬಣ್ಣದ ಮಾಹಿತಿ ಆಗಲೇ ಹೋಗಿಬಿಟ್ಟಿರುತ್ತದೆ. ಆಗ ‘ಕಡತದ ಕಾಗದ ನೋಡಿದರೆ ಓದಬಹುದು’ ಎಂದು ಗುರುತಿನಲ್ಲಿ ಸೇರಿಸುವುದು ನ್ಯಾಯ, ಏಕೆಂದರೆ ಓದಲಾಗದ್ದು ಸ್ಕ್ಯಾನ್ ಪ್ರತಿ, ಮೂಲವೇ ಎಂದೇನಲ್ಲ.

## ಅಂಚಿನ ಎರಡು ಪದ

ಅಂಚಿನ ಟಿಪ್ಪಣಿಯಲ್ಲಿ ಓದುವುದರಷ್ಟೇ ಕಷ್ಟದ ಇನ್ನೊಂದು ಪ್ರಶ್ನೆ ಅದನ್ನು ಬರೆದವರು ಯಾರು ಎಂಬುದು. ನ್ಯಾಯಾಧೀಶರ ಷರಾ ಇರಬಹುದು, ಕಚೇರಿಯ ಆಕ್ಷೇಪಣೆ ಇರಬಹುದು, ನಕಲು ಮಾಡಿಸುವ ಮೊದಲು ವಕೀಲರು ತಮ್ಮ ಪ್ರತಿಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡ ನೆನಪಿನ ಸಾಲೂ ಇರಬಹುದು. ಕೊನೆಯದಕ್ಕೆ ದಾಖಲೆಯಾಗಿ ಯಾವ ಬೆಲೆಯೂ ಇಲ್ಲ, ಆದರೆ ಜೆರಾಕ್ಸ್‌ನಲ್ಲಿ ಮೂರೂ ಒಂದೇ ಕಪ್ಪು. ಬರೆದವರ ಹೆಸರನ್ನು ಕೈಬರಹದ ಹೋಲಿಕೆಯಿಂದ ತೀರ್ಮಾನಿಸುವುದು ಸಾರಾಂಶದ ಕೆಲಸವಲ್ಲ. ಪಕ್ಕದಲ್ಲಿ ಕಿರುಸಹಿ ಇದೆಯೇ, ದಿನಾಂಕವಿದೆಯೇ, ಮೊಹರಿದೆಯೇ ಎಂಬಷ್ಟನ್ನು ಹೇಳಿದರೆ ಸಾಕು.

ಇಂಥ ಟಿಪ್ಪಣಿ ಎಷ್ಟು ತೂಕದ್ದಾಗಬಹುದು ಎಂಬುದಕ್ಕೆ ಕ್ರಯದ ಕರಾರೊಂದನ್ನು ನೋಡೋಣ. ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಆದೇಶದ 4ನೇ ನಿಯಮದಂತೆ, ಸಾಕ್ಷ್ಯವಾಗಿ ಸ್ವೀಕರಿಸಿದ ದಾಖಲೆಯ ಮೇಲೆ ದಾವೆಯ ಸಂಖ್ಯೆ ಮತ್ತು ಶೀರ್ಷಿಕೆ, ಹಾಜರುಪಡಿಸಿದವರ ಹೆಸರು, ಹಾಜರುಪಡಿಸಿದ ದಿನ, ಸ್ವೀಕರಿಸಲಾಗಿದೆ ಎಂಬ ಮಾತು ಇವನ್ನು ಬರೆದು ನ್ಯಾಯಾಧೀಶರು ಸಹಿ ಅಥವಾ ಕಿರುಸಹಿ ಹಾಕಬೇಕು. ಈ ಕರಾರಿನ ಎಡ ಅಂಚಿನಲ್ಲಿ ‘ನಿ.ಪಿ.3’ ಎಂಬ ಗುರುತೂ, ಅದರ ಕೆಳಗೆ ‘...ಗೆ ಒಳಪಟ್ಟು’ ಎಂಬ ತುಂಡೂ ಕಾಣುತ್ತವೆ. ಮುಂಚಿನ ಅಕ್ಷರಗಳು ಕಡತ ಹೊಲಿದ ದಾರದ ಮಡಿಕೆಯೊಳಗೆ ಹೋಗಿವೆ. ಅದು ‘ಆಕ್ಷೇಪಣೆಗೆ ಒಳಪಟ್ಟು’ ಇರಬಹುದು.

ಕರಾರಿಗೆ ಸಾಕಷ್ಟು ಮುದ್ರಾಂಕ ಶುಲ್ಕ ಕಟ್ಟಿಲ್ಲವೆಂಬ ತಕರಾರು ಪ್ರಕರಣದಲ್ಲಿದ್ದರೆ ಆ ಅಳಿದ ಪದವೇ ಕೇಂದ್ರವಾಗುತ್ತದೆ. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ 34ನೇ ಕಲಮು ಕೊರತೆ ಶುಲ್ಕದ ದಾಖಲೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಬಾರದು ಎನ್ನುತ್ತದೆ. 35ನೇ ಕಲಮು ಒಮ್ಮೆ ಸ್ವೀಕರಿಸಿದ ಮೇಲೆ ಅದೇ ದಾವೆಯಲ್ಲಿ ಶುಲ್ಕದ ಕಾರಣಕ್ಕೆ ಅದನ್ನು ಪ್ರಶ್ನಿಸಲಾಗದು ಎನ್ನುತ್ತದೆ. 2001ರ ಬಿಪಿನ್ ಶಾಂತಿಲಾಲ್ ಪಂಚಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆಕ್ಷೇಪಣೆ ಬಂದ ದಾಖಲೆಯನ್ನು ತಾತ್ಕಾಲಿಕವಾಗಿ ಗುರುತಿಸಿ ಕೊನೆಯ ತೀರ್ಪಿನಲ್ಲಿ ನಿರ್ಧರಿಸಬಹುದು, ಆದರೆ ಮುದ್ರಾಂಕ ಶುಲ್ಕದ ಆಕ್ಷೇಪಣೆಯನ್ನು ಅಲ್ಲೇ ತೀರ್ಮಾನಿಸಬೇಕು ಎಂದು ಹೇಳಿತು. ಹೀಗಾಗಿ ಆಕ್ಷೇಪಣೆ ದಾಖಲಾಗಿದೆಯೇ, ಯಾವ ಕಾರಣಕ್ಕೆ, ಅದರ ಮೇಲೆ ಆದೇಶ ಆಗಿದೆಯೇ ಎಂಬುದರ ಮೇಲೆ ಮೇಲ್ಮನವಿಯ ವಾದ ನಿಲ್ಲುತ್ತದೆ. ‘ನಿ.ಪಿ.3 ಎಂದು ಗುರುತಿಸಲಾಗಿದೆ’ ಎಂದಷ್ಟೇ ಬರೆದ ಸಾರಾಂಶ ಸುಳ್ಳು ಹೇಳಿಲ್ಲ, ಆದರೂ ಓದುಗರನ್ನು ದಾರಿ ತಪ್ಪಿಸಿದೆ.

ಇಲ್ಲಿ ಬರೆಯಬೇಕಾದದ್ದು: ‘ಎಡ ಅಂಚಿನಲ್ಲಿ ಕೈಬರಹ, “...ಗೆ ಒಳಪಟ್ಟು” ಎಂಬಷ್ಟೇ ಕಾಣುತ್ತದೆ, ಉಳಿದದ್ದು ಹೊಲಿಗೆಯ ಮಡಿಕೆಯಲ್ಲಿದೆ, ಕಿರುಸಹಿ ಇದೆ, ಯಾರದೆಂದು ತಿಳಿಯದು. ನಿ.ಪಿ.3 ಗುರುತಾದ ದಿನದ ಸಾಕ್ಷಿಯ ಹೇಳಿಕೆ ಮತ್ತು ಆದೇಶ ಹಾಳೆಯನ್ನು ಇದರೊಂದಿಗೆ ಹೋಲಿಸಬೇಕು.’ ಸಾಕ್ಷಿಯ ಹೇಳಿಕೆಯಲ್ಲಿ ದಾಖಲೆ ಗುರುತಾದ ಕ್ಷಣದ ಆಕ್ಷೇಪಣೆಯನ್ನು ಸಾಮಾನ್ಯವಾಗಿ ಅಲ್ಲೇ ಬರೆದಿರುವುದರಿಂದ ಉತ್ತರ ಅದೇ ಕಡತದಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಸಿಕ್ಕರೆ ‘ಅಂಚಿನ ಟಿಪ್ಪಣಿ ಹೀಗೆ ಹೇಳುತ್ತದೆ’ ಎಂದು ತಿದ್ದಬಾರದು. ‘ಸಾಕ್ಷಿಯ ಹೇಳಿಕೆಯಲ್ಲಿ ಹೀಗಿದೆ’ ಎಂದು ಆ ಪುಟದ ಸಂಖ್ಯೆಯೊಂದಿಗೆ ಬರೆಯಬೇಕು.

## ಗುರುತು ಹಾಕಿದ ಮೇಲೆ

ಗುರುತುಗಳ ಪಟ್ಟಿ ಕೈಗೆ ಬಂದ ವಕೀಲರ ಮುಂದೆ ಕೆಲವು ದಾರಿಗಳಿವೆ: ಕಡತ ವೀಕ್ಷಣೆಗೆ ಅರ್ಜಿ ಹಾಕಿ ಮೂಲ ಕಾಗದವನ್ನೇ ನೋಡುವುದು, ಆ ಪುಟದ ದೃಢೀಕೃತ ನಕಲನ್ನು ಹೊಸದಾಗಿ ಕೇಳುವುದು, ಅಥವಾ ಬಣ್ಣದಲ್ಲಿ ಮತ್ತೆ ಸ್ಕ್ಯಾನ್ ಮಾಡಿಸುವುದು. ದಾರದ ಮಡಿಕೆಯಲ್ಲಿ ಮುಚ್ಚಿದ ಅಂಚಿಗೆ ಮೊದಲನೆಯದೇ ಸರಿ, ಏಕೆಂದರೆ ಹೊಲಿಗೆ ಬಿಚ್ಚದೆ ಎಷ್ಟು ಸಲ ಸ್ಕ್ಯಾನ್ ಮಾಡಿದರೂ ಅದು ಕಾಣುವುದಿಲ್ಲ.

ಮೂಲ ನೋಡಿ ಉತ್ತರ ಸಿಕ್ಕಾಗ ಹಳೆಯ ಗುರುತನ್ನು ಅಳಿಸದೆ ಅದರ ಕೆಳಗೆ ಯಾರು, ಯಾವ ದಿನ, ಯಾವ ಪ್ರತಿಯನ್ನು ನೋಡಿ ಏನೆಂದು ಓದಿದರು ಎಂಬುದನ್ನು ಸೇರಿಸಬೇಕು. ನಮ್ಮ ಉದಾಹರಣೆಯ ಮೊಹರಿನಲ್ಲಿ ಅರ್ಜಿ ವಹಿಯ ಪ್ರಕಾರ ದಿನಾಂಕ 27 ಎಂದು ತಿಳಿದುಬಂತು ಎಂದುಕೊಂಡರೆ, ಆ ಸಾಲು ಹೋಗುವುದು ಕಾಲಮಿತಿಯ ಕಂಡಿಕೆಯ ಪಕ್ಕಕ್ಕೆ, ಮತ್ತು ಮೇಲ್ಮನವಿದಾರರ ವಕೀಲರು ಅದೇ ವಾರ ತಯಾರಿಸಬೇಕಾದದ್ದು ವಿಳಂಬ ಮನ್ನಾ ಅರ್ಜಿ ಮತ್ತು ಅದರ ಪ್ರಮಾಣಪತ್ರ.